ಲೋಡ್ ಒಂದೂವರೆ ಆಂಪಿಯರ್, ಟ್ರಾನ್ಸ್‌ಫಾರ್ಮರ್ ಎರಡು ಆಂಪಿಯರ್‌ದು. ಆದರೂ ಮುಟ್ಟೋಕಾಗದಷ್ಟು ಬಿಸಿ, ಯಾಕೆ?

ಬೆಸುಗೆಗಾರ
ಎಲ್ಲರಿಗೂ ನಮಸ್ಕಾರ. ಒಂದು ಸಾದಾ ಪವರ್ ಸಪ್ಲೈ ಮಾಡಿದ್ದೇನೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟಿಂದ 12 ವೋಲ್ಟಿಗೆ, ಮೇಲೆ 2 ಆಂಪಿಯರ್ ಅಂತ ಬರೆದಿದೆ. ನಾಲ್ಕು ಡಯೋಡಿನ ಬ್ರಿಡ್ಜ್, ಅದರ ಮುಂದೆ 4700 ಮೈಕ್ರೋಫ್ಯಾರಡ್ ಕೆಪಾಸಿಟರ್. ರೆಗ್ಯುಲೇಟರ್ ಇನ್ನೂ ಹಾಕಿಲ್ಲ. ಪರೀಕ್ಷೆಗೆ ಅಂತ 9 ಓಮಿನ ದಪ್ಪ ವೈರ್‌ವೂಂಡ್ ರೆಸಿಸ್ಟರ್ ಕಟ್ಟಿದ್ದೇನೆ. ಡಿ.ಸಿ. ಕಡೆ ಸುಮಾರು 13 ವೋಲ್ಟ್, ಕರೆಂಟ್ 1.5 ಆಂಪಿಯರ್ ಹತ್ತಿರ.

ಲೆಕ್ಕ ಹಾಕಿದರೆ ಲೋಡಿಗೆ ಹೋಗೋದು 20 ವ್ಯಾಟ್. ಟ್ರಾನ್ಸ್‌ಫಾರ್ಮರ್ 24 ವಿ.ಎ. ಹಾಗಾದರೆ ಆರಾಮಾಗಿ ಇರಬೇಕಲ್ವಾ? ಒಂದು ಗಂಟೆ ಓಡಿಸಿದರೆ ಅದರ ಮೇಲೆ ಕೈ ಇಡೋಕೆ ಆಗಲ್ಲ, ವಾರ್ನಿಶ್ ವಾಸನೆ ಬೇರೆ. ಅನುಮಾನ ಬಂದು ಸೆಕೆಂಡರಿ ತಂತಿಯಲ್ಲಿ ಮಲ್ಟಿಮೀಟರ್ ಸೇರಿಸಿ ಎ.ಸಿ. ಕರೆಂಟ್ ನೋಡಿದೆ. 1.65 ಬಂತು. ಅದೂ 2ಕ್ಕಿಂತ ಕಡಿಮೆನೇ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರೋದೇ ಸುಳ್ಳಾ?

ಫ್ಯೂಸ್ ಹೋಯ್ತು
ವಾಸನೆ ಬಂದ ಮೇಲೂ ಒಂದು ಗಂಟೆ ಓಡಿಸಿದ ನಿಮ್ಮ ಧೈರ್ಯಕ್ಕೆ ನಮಸ್ಕಾರ.

ಗುಂಯ್ ಗುಂಯ್
ನನಗೂ ಇದೇ ಸಮಸ್ಯೆ! ನನ್ನ ಆಂಪ್ಲಿಫೈಯರಲ್ಲಿ ಗುಂಯ್ ಅಂತ ಸದ್ದು ಬರುತ್ತೆ. ಕೆಪಾಸಿಟರ್ ದೊಡ್ಡದು ಹಾಕಿದೆ, ಹೋಗಲಿಲ್ಲ. ಎಷ್ಟು ಹಾಕಬೇಕು ಹೇಳಿ.

ಬೆಸುಗೆಗಾರ
ಅಣ್ಣಾ, ನನ್ನದು ಸದ್ದಲ್ಲ, ಬಿಸಿ.

ಸೂತ್ರಧಾರ
ಉತ್ತರ ಸುಲಭ. ಡಯೋಡ್ ಇಡೀ ಸೈಕಲ್ ಪೂರ್ತಿ ಹರಿಸಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಕೆಪಾಸಿಟರ್ ವೋಲ್ಟೇಜನ್ನ ದಾಟಿದಾಗ ಮಾತ್ರ ಡಯೋಡ್ ತೆರೆಯೋದು, ಅಂದರೆ ಅಲೆಯ ತುದಿಯಲ್ಲಿ ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಲೋಡನ್ನ ಸಾಕೋದು ಕೆಪಾಸಿಟರ್ ಒಂದೇ.

ನಿಮ್ಮ ಅಂಕಿಗೇ ಲೆಕ್ಕ ಹಾಕಿದೆ. 12 ವೋಲ್ಟಿನ ಪೀಕ್ 17. ಕೆಪಾಸಿಟರ್ ಎರಡು ತುದಿಗಳ ನಡುವೆ ಸುಮಾರು 2.65 ವೋಲ್ಟ್ ಇಳಿಯುತ್ತೆ. 17ರಿಂದ ಅದನ್ನ ಕಳೆದು 17ರಿಂದ ಭಾಗಿಸಿ ಕೋಸೈನ್ ತಿರುಗಿಸಿದರೆ 32 ಡಿಗ್ರಿ. ಅಂದರೆ ಪ್ರತಿ 10 ಮಿಲಿಸೆಕೆಂಡಿಗೆ ಡಯೋಡ್ ಹರಿಸೋದು ಬರೀ 1.8 ಮಿಲಿಸೆಕೆಂಡ್. ಆ ಹೊತ್ತಲ್ಲಿ ಪೀಕ್ ಕರೆಂಟ್ 15 ಆಂಪಿಯರ್ ಬರುತ್ತೆ. ನಿಮ್ಮ ಟ್ರಾನ್ಸ್‌ಫಾರ್ಮರ್ ಬದುಕಿರೋದೇ ಪುಣ್ಯ. ಕೆಪಾಸಿಟರ್ ಅರ್ಧ ಮಾಡಿ, ಎಲ್ಲ ಸರಿ ಹೋಗುತ್ತೆ.

ಸುರುಳಿ ಅಕ್ಕ
ಸೂತ್ರಧಾರ ಹೇಳಿದ ಕಾರಣ ಸರಿ, ಅಂಕಿ ತಪ್ಪು, ಪರಿಹಾರವೂ ತಪ್ಪು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಬೆಸುಗೆಗಾರರೇ, ನಿಮ್ಮ ಮೀಟರ್ ಟ್ರೂ ಆರ್‌ಎಂಎಸ್ ಹೌದಾ? ಮುಂಭಾಗದಲ್ಲಿ ಬರೆದಿರುತ್ತೆ.

ಬೆಸುಗೆಗಾರ
ಇಲ್ಲ ಅಕ್ಕ. ಸಾದಾ ಮೀಟರ್.

ಸುರುಳಿ ಅಕ್ಕ
ಹಾಗಾದರೆ ಸುಳ್ಳು ಹೇಳ್ತಿರೋದು ಟ್ರಾನ್ಸ್‌ಫಾರ್ಮರ್ ಅಲ್ಲ, ಮೀಟರ್.

ಸಾದಾ ಮೀಟರ್ ಒಳಗೆ ಕರೆಂಟನ್ನ ನೇರ ಮಾಡಿ ಸರಾಸರಿ ತೆಗೆಯುತ್ತೆ, ಆಮೇಲೆ ಅದನ್ನ 1.11ರಿಂದ ಗುಣಿಸಿ ತೋರಿಸುತ್ತೆ. ನುಣುಪಾದ ಸೈನ್ ಅಲೆ ಇದ್ದರೆ ಮಾತ್ರ ಅದು ಆರ್‌ಎಂಎಸ್ ಆಗೋದು. ನಿಮ್ಮ ಸೆಕೆಂಡರಿ ಕರೆಂಟಿನ ಸರಾಸರಿ ಎಷ್ಟು? ಲೋಡಿಗೆ ಹೋಗೋದು ಎಷ್ಟೋ ಅಷ್ಟೇ, ಯಾಕಂದರೆ ಅಲ್ಲಿಂದ ಬಂದದ್ದೇ ಇಲ್ಲಿ ಖರ್ಚಾಗೋದು. 1.5 ಗುಣಿಸು 1.11, ಅಂದರೆ 1.66. ನೀವು ಓದಿದ್ದು 1.65. ನೋಡಿದ್ರಾ? ನಿಮ್ಮ ಮೀಟರ್ ಡಿ.ಸಿ. ಕರೆಂಟನ್ನೇ ಇನ್ನೊಂದು ವೇಷದಲ್ಲಿ ತೋರಿಸಿದೆ. ಹೊಸ ವಿಷಯ ಏನೂ ಹೇಳಿಲ್ಲ.

ತಂತಿ ಬಿಸಿಯಾಗೋದು ಸರಾಸರಿಯಿಂದಲ್ಲ, ಕರೆಂಟಿನ ವರ್ಗದಿಂದ. 10 ಮಿಲಿಸೆಕೆಂಡ್ ಪೂರ್ತಿ 1 ಆಂಪಿಯರ್ ಹರಿಸಿ. ಅಥವಾ 5 ಮಿಲಿಸೆಕೆಂಡ್ 2 ಆಂಪಿಯರ್ ಹರಿಸಿ ಉಳಿದರ್ಧ ಸುಮ್ನಿರಿ. ಕೆಪಾಸಿಟರಿಗೆ ತಲುಪಿದ ಚಾರ್ಜ್ ಎರಡರಲ್ಲೂ ಒಂದೇ. ಆದರೆ ಎರಡನೇ ಸಲ ಬಿಸಿ ನಾಲ್ಕು ಪಟ್ಟು, ಅರ್ಧ ಹೊತ್ತು. ಅಂದರೆ ಎರಡು ಪಟ್ಟು. ನಿಮ್ಮ ಡಯೋಡ್ ಮಾಡ್ತಿರೋದು ಇದನ್ನೇ.

ಒಂದು ಟ್ರೂ ಆರ್‌ಎಂಎಸ್ ಮೀಟರ್ ಕಡ ತಂದು ನೋಡಿ. ಹೆಚ್ಚುಕಮ್ಮಿ ಎರಡೂವರೆ ಬರುತ್ತೆ ಅಂತ ನನ್ನ ಅಂದಾಜು.

ಸೂತ್ರಧಾರ
ಎರಡೂವರೆನಾ? ನನ್ನ 15 ಆಂಪಿಯರ್ ಪೀಕ್ ಪ್ರಕಾರ ಇನ್ನೂ ಜಾಸ್ತಿ ಬರಬೇಕು. ನನ್ನ ಲೆಕ್ಕದಲ್ಲಿ ಏನು ತಪ್ಪು?

ಸುರುಳಿ ಅಕ್ಕ
ನಿಮ್ಮ ಲೆಕ್ಕದಲ್ಲಿ ವೈಂಡಿಂಗಿಗೆ ರೆಸಿಸ್ಟೆನ್ಸೇ ಇಲ್ಲ. ಎಷ್ಟು ಕೇಳಿದರೂ ಕೊಡೋ ಟ್ರಾನ್ಸ್‌ಫಾರ್ಮರ್ ಅದು, ಪುಟದ ಮೇಲೆ ಮಾತ್ರ ಸಿಗುತ್ತೆ.

ಬೆಸುಗೆಗಾರರೇ, ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರ್ ತಣ್ಣಗಿರುವಾಗ ಎರಡೂ ವೈಂಡಿಂಗ್ ಓಮ್ ಅಳೆದು ಹೇಳಿ. ಲೋಡ್ ಇಲ್ಲದಾಗ ಸೆಕೆಂಡರಿ ಎಷ್ಟು ವೋಲ್ಟ್ ಅಂತಲೂ ನೋಡಿ.

ಹಳೇ ರೇಡಿಯೋ
ವಾಲ್ವ್ ಕಾಲದಲ್ಲಿ ಈ ಗೋಳೇ ಇರಲಿಲ್ಲ. ರೆಕ್ಟಿಫೈಯರ್ ವಾಲ್ವ್ ತಾನೇ ರೆಸಿಸ್ಟೆನ್ಸ್ ಇದ್ದ ಹಾಗೆ. ಜೊತೆಗೆ ಮೊದಲ ಕೆಪಾಸಿಟರ್ ಇಷ್ಟಕ್ಕಿಂತ ದೊಡ್ಡದು ಹಾಕಬೇಡ ಅಂತ ವಾಲ್ವಿನ ಹಾಳೆಯಲ್ಲೇ ಬರೆದಿರ್ತಿತ್ತು. ಆಮೇಲೆ ಒಂದು ಚೋಕ್, ಇನ್ನೊಂದು ಕೆಪಾಸಿಟರ್. ಒಂದು ಸಲ ನಾನು ಬುದ್ಧಿವಂತಿಕೆ ಮಾಡಿ ವಾಲ್ವ್ ತೆಗೆದು ಅದೇ ಜಾಗಕ್ಕೆ ಸಿಲಿಕಾನ್ ಡಯೋಡ್ ಬೆಸೆದೆ. ವೋಲ್ಟೇಜ್ ಜಾಸ್ತಿ ಬಂತು ಅಂತ ಖುಷಿಯಾಯ್ತು. ಮೂರನೇ ವಾರ ಟ್ರಾನ್ಸ್‌ಫಾರ್ಮರ್ ಹೋಯ್ತು. ಆ ಸೆಟ್ಟಿನ ಯಜಮಾನರಿಗೆ ಏನು ಹೇಳಿದೆ ಅನ್ನೋದು ಇಲ್ಲಿ ಬೇಡ.

ಬೆಸುಗೆಗಾರ
ಅಳೆದೆ ಅಕ್ಕ. ಪ್ರೈಮರಿ 140 ಓಮ್. ಸೆಕೆಂಡರಿ 0.4 ಓಮ್ ಹತ್ತಿರ, ಮೀಟರಿನ ತಂತಿಗಳದ್ದು ಕಳೆದು. ಲೋಡ್ ಇಲ್ಲದಾಗ 13.8 ವೋಲ್ಟ್. 12 ಅಂತ ಬರೆದು 13.8 ಯಾಕೆ ಕೊಡ್ತಾರೆ?

ಸುರುಳಿ ಅಕ್ಕ
12 ಅನ್ನೋದು 2 ಆಂಪಿಯರ್ ಎಳೆದಾಗ ಉಳಿಯೋ ವೋಲ್ಟೇಜ್. ಆ 1.8 ವೋಲ್ಟ್ ವೈಂಡಿಂಗಲ್ಲೇ ಬೀಳಲಿ ಅಂತ ಮೊದಲೇ ಜಾಸ್ತಿ ಸುತ್ತಿರ್ತಾರೆ. 1.8 ಭಾಗಿಸು 2 ಅಂದರೆ 0.9 ಓಮ್.

ಇನ್ನೊಂದು ದಾರಿಯಿಂದ ತಾಳೆ ನೋಡೋಣ. ಪ್ರೈಮರಿಯ 140 ಓಮ್ ಸೆಕೆಂಡರಿ ಕಡೆಯಿಂದ ನೋಡಿದರೆ ಸುತ್ತಿನ ಅನುಪಾತದ ವರ್ಗದಷ್ಟು ಕುಗ್ಗಿ ಕಾಣುತ್ತೆ. 230 ಭಾಗಿಸು 13.8 ಅಂದರೆ ಸುಮಾರು 16.7, ಅದರ ವರ್ಗ 278. 140ನ್ನ 278ರಿಂದ ಭಾಗಿಸಿದರೆ 0.5. ಸೆಕೆಂಡರಿಯದ್ದೇ 0.4. ಕೂಡಿಸಿದರೆ ಮತ್ತೆ 0.9. ಇಷ್ಟು ಚೆನ್ನಾಗಿ ಯಾವಾಗಲೂ ಹೊಂದಲ್ಲ, ಇವತ್ತು ಹೊಂದಿದೆ.

ಈಗ ಕಥೆ ಬದಲಾಗುತ್ತೆ. ಪೀಕ್ 17 ಅಲ್ಲ, 19.5. ಡಯೋಡ್ ತೆರೆದ ಕೂಡಲೇ ಕರೆಂಟ್ ನುಗ್ಗೋಕೆ ಹೋಗುತ್ತೆ. ಆದರೆ 0.9 ಓಮ್ ತಡೆಯುತ್ತೆ. ತಡೆದಷ್ಟೂ ಕೆಪಾಸಿಟರ್ ಪೀಕ್ ತನಕ ತುಂಬಲ್ಲ, ಕೆಳಗೇ ಉಳಿಯುತ್ತೆ. ಕೆಳಗಿದ್ದಷ್ಟೂ ಡಯೋಡ್ ಬೇಗ ತೆರೆದು ತಡವಾಗಿ ಮುಚ್ಚುತ್ತೆ. ಎರಡೂ ಒಂದಕ್ಕೊಂದು ಜಗ್ಗಿ ಒಂದು ಕಡೆ ನಿಲ್ಲುತ್ತೆ. ನಿಮ್ಮ ಅಂಕಿಗೆ ಅದು ಸುಮಾರು 80 ಡಿಗ್ರಿ, ಅಂದರೆ 10ರಲ್ಲಿ 4.5 ಮಿಲಿಸೆಕೆಂಡ್. ಪೀಕ್ 5 ಆಂಪಿಯರ್, ಆರ್‌ಎಂಎಸ್ 2.5, ಡಿ.ಸಿ. 13 ವೋಲ್ಟ್. 13 ವೋಲ್ಟ್ ಅಂತೂ ನೀವೇ ಅಳೆದಿದ್ದೀರಿ.

ಸೂತ್ರಧಾರ ಅವರ ದಾರಿಯಲ್ಲಿ ಹೋದರೆ 15ರ ಆಸುಪಾಸು ವೋಲ್ಟ್ ಬರಬೇಕಿತ್ತು. ಬರಲಿಲ್ಲ.

ಫ್ಯೂಸ್ ಹೋಯ್ತು
ಸೂತ್ರಧಾರರ ಪೀಕ್ ಕರೆಂಟ್ ಮೂರು ಪಟ್ಟು ಕೆಳಗಿಳಿದಿದೆ. ಡಯೋಡ್ ಮುಚ್ಚಿದೆ.

ಸೂತ್ರಧಾರ
ಮುಚ್ಚಿಲ್ಲ. ವೈಂಡಿಂಗ್ ರೆಸಿಸ್ಟೆನ್ಸ್ ಮರೆತದ್ದು ನಿಜ, ಒಪ್ಪಿದೆ. ಆದರೆ ರಿಪಲ್ ಫ್ಯಾಕ್ಟರ್ ಸೂತ್ರದಲ್ಲೂ ವೈಂಡಿಂಗ್ ಬರಲ್ಲ. ಅದು ಎಲ್ಲ ಪಾಠದಲ್ಲೂ ಇದೆ:

```
γ = 1 / (4·√3·f·R·C)
```

50 ಹರ್ಟ್ಸ್, 9 ಓಮ್ ಒಳಗೆ ಸ್ವಲ್ಪ, 4700 ಮೈಕ್ರೋ ಹಾಕಿದರೆ 7 ಶೇಕಡಾ. ಅದೂ ತಪ್ಪಾ?

ಸುರುಳಿ ಅಕ್ಕ
ತಪ್ಪಲ್ಲ, ಹೆದರಿಸುತ್ತೆ ಅಷ್ಟೆ. ಆ ಸೂತ್ರದಲ್ಲಿ ಡಯೋಡ್ ಒಂದು ಕ್ಷಣ ಮಾತ್ರ ತೆರೆದು ಕೆಪಾಸಿಟರ್ ತುಂಬಿಬಿಡುತ್ತೆ, ಆಮೇಲೆ 10 ಮಿಲಿಸೆಕೆಂಡ್ ಪೂರ್ತಿ ಖಾಲಿಯಾಗ್ತಾ ಇರುತ್ತೆ ಅಂತ ಇಟ್ಕೊಂಡಿರ್ತಾರೆ. ಇಲ್ಲಿ 4.5 ಮಿಲಿಸೆಕೆಂಡ್ ಡಯೋಡೇ ಲೋಡನ್ನೂ ಸಾಕ್ತಿದೆ. ಖಾಲಿಯಾಗೋ ಹೊತ್ತು 6ರ ಹತ್ತಿರ. ಹಾಗಾಗಿ ಮೇಲಿಂದ ಕೆಳಗಿನ ತನಕ 3.2 ವೋಲ್ಟ್ ಆಡಬೇಕಿದ್ದದ್ದು 1.9 ಆಡುತ್ತೆ. ಫ್ಯಾಕ್ಟರ್ 7ರ ಬದಲು 4 ಶೇಕಡಾ ಚಿಲ್ಲರೆ. ಕೆಪಾಸಿಟರ್ ಆರಿಸೋಕೆ ಆ ಸೂತ್ರ ಚೆನ್ನಾಗಿದೆ, ಸುರಕ್ಷಿತ ಕಡೆಗೇ ತಪ್ಪುತ್ತೆ. ಟ್ರಾನ್ಸ್‌ಫಾರ್ಮರ್ ಆರಿಸೋಕೆ ಅದು ಏನೂ ಹೇಳಲ್ಲ.

ಗುಂಯ್ ಗುಂಯ್
ನನ್ನದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಹಳೇ ರೇಡಿಯೋ
ತಮ್ಮಾ, ನಿನ್ನ ಗುಂಯ್ 50 ಹರ್ಟ್ಸೋ 100 ಹರ್ಟ್ಸೋ ನೋಡು. ಫುಲ್ ವೇವ್ ರಿಪಲ್ ಆದರೆ 100 ಬರಬೇಕು, ಕೇಳೋಕೆ ಸ್ವಲ್ಪ ಚೂಪಾಗಿ ಗುರ್ ಅನ್ನುತ್ತೆ. ಕೆಪಾಸಿಟರ್ ಮೇಲೇ 50 ಕಂಡರೆ ಬ್ರಿಡ್ಜಲ್ಲಿ ಒಂದು ಡಯೋಡ್ ಕಡಿದುಹೋಗಿದೆ, ಅರ್ಧ ಅಲೆ ಮಾತ್ರ ಬರ್ತಿದೆ. ಕೆಪಾಸಿಟರ್ ಮೇಲೆ ಚೊಕ್ಕವಾಗಿದ್ದು ಸ್ಪೀಕರಲ್ಲಿ ಮಾತ್ರ 50 ಕೇಳಿದರೆ ನಿನ್ನ ಅರ್ತ್ ತಂತಿ ಎಲ್ಲೋ ಸುತ್ತು ಹಾಕಿದೆ. ಆಗ ಎಷ್ಟು ದೊಡ್ಡ ಕೆಪಾಸಿಟರ್ ಹಾಕಿದರೂ ಹೋಗಲ್ಲ.

ಗುಂಯ್ ಗುಂಯ್
ಚೂಪಾಗಿಲ್ಲ, ದಪ್ಪ ಸದ್ದು. ನೋಡ್ತೀನಿ ಸರ್.

ಬೆಸುಗೆಗಾರ
ಸ್ನೇಹಿತನ ಹತ್ತಿರ ಟ್ರೂ ಆರ್‌ಎಂಎಸ್ ಮೀಟರ್ ಸಿಕ್ತು, ಹಳೇ ಸ್ಕೋಪೂ ಸಿಕ್ತು. ಮೀಟರ್ 2.45 ತೋರಿಸಿತು! ಅಕ್ಕ, ಕೈ ಮುಗಿದೆ.

ಸ್ಕೋಪಿನದ್ದು ಬೇರೆ ಕಥೆ. ಸೆಕೆಂಡರಿ ತಂತಿಯಲ್ಲಿ 0.1 ಓಮ್ ಸೇರಿಸಿ ಅದರ ಎರಡು ಕಡೆ ಪ್ರೋಬ್ ಇಟ್ಟೆ. ಕರೆಂಟ್ ಚೆನ್ನಾಗಿ ಕಾಣಿಸ್ತು. ನಡುವೆ ಎತ್ತಿದ ಗುಬ್ಬಟೆ, ಎರಡು ಕಡೆ ಚಪ್ಪಟೆ ಗೆರೆ, ಮತ್ತೆ ಕೆಳಮುಖ ಗುಬ್ಬಟೆ. ತುದಿ ಅರ್ಧ ವೋಲ್ಟ್, ಅಂದರೆ 5 ಆಂಪಿಯರ್. ಅಗಲ ನಾಲ್ಕೂವರೆ ಚೌಕ, ಒಂದೊಂದು ಚೌಕ ಒಂದು ಮಿಲಿಸೆಕೆಂಡ್. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ರಿಪಲ್ಲೂ ಒಟ್ಟಿಗೇ ನೋಡೋಣ ಅಂತ ಎರಡನೇ ಪ್ರೋಬಿನ ಕ್ಲಿಪ್ಪನ್ನ ಕೆಪಾಸಿಟರಿನ ಮೈನಸ್ಸಿಗೆ ಹಾಕಿದೆ. ಚಟ್ ಅಂತು. ಒಂದು ಡಯೋಡ್ ಒಡೆದುಹೋಯ್ತು.

ಫ್ಯೂಸ್ ಹೋಯ್ತು
ನನ್ನ ಹೆಸರು ಇಟ್ಕೊಂಡಿದ್ದು ಸಾರ್ಥಕ.

ಸುರುಳಿ ಅಕ್ಕ
ಸ್ಕೋಪಿನ ಎರಡು ಕ್ಲಿಪ್ಪೂ ಒಳಗೆ ಒಂದೇ ತಂತಿ. ಒಂದನ್ನ ಸೆಕೆಂಡರಿಗೆ, ಇನ್ನೊಂದನ್ನ ಡಿ.ಸಿ. ಮೈನಸ್ಸಿಗೆ ಹಾಕಿದರೆ ಆ ಕೊಂಡಿಯಲ್ಲಿರೋ ಡಯೋಡಿಗೆ ಅಡ್ಡದಾರಿ ಮಾಡಿಕೊಟ್ಟ ಹಾಗೆ. ಒಂದು ಅರ್ಧ ಅಲೆ ಸುಮ್ನಿರುತ್ತೆ. ಇನ್ನೊಂದು ಅರ್ಧದಲ್ಲಿ ಇಡೀ ಸೆಕೆಂಡರಿ ಒಂದೇ ಡಯೋಡ್ ಮೂಲಕ ಶಾರ್ಟ್. ಒಂದು ಸಲಕ್ಕೆ ಒಂದೇ ಅಳತೆ ತಗೊಳ್ಳಿ. ಒಡೆದದ್ದು ಯಾವ ಡಯೋಡ್?

ಬೆಸುಗೆಗಾರ
1N4007. ನಾಲ್ಕೂ ಅದೇ. ಅದೂ ಸಪ್ಲೈ ಓಡುವಾಗ ಜೋರು ಬಿಸಿಯಾಗ್ತಿತ್ತು.

ಸುರುಳಿ ಅಕ್ಕ
ಒಂದೊಂದು ಡಯೋಡಿಗೆ ಸರಾಸರಿ 0.75 ಆಂಪಿಯರ್ ಬರುತ್ತೆ. ಅದರ ಮಿತಿ 1. ಪುಸ್ತಕದ ಪ್ರಕಾರ ಸಾಕು. ಆದರೆ ಚೂಪು ಕರೆಂಟು, ಬೋರ್ಡಿಗೆ ಅಂಟಿಸಿಟ್ಟ ಗಿಡ್ಡ ಕಾಲು, ಬಿಸಿ ಹೋಗೋಕೆ ದಾರಿ ಇಲ್ಲ. 1N5408 ಹಾಕಿ, ಬೋರ್ಡಿಂದ ಸ್ವಲ್ಪ ಎತ್ತಿ ಬೆಸೆಯಿರಿ. ಕೆಪಾಸಿಟರನ್ನೂ ಮರೀಬೇಡಿ. ಅದರೊಳಗೂ ಸುಮಾರು 2 ಆಂಪಿಯರ್ ಆರ್‌ಎಂಎಸ್ ಹೋಗಿ ಬರ್ತಿದೆ. ಅದರ ಹಾಳೆಯಲ್ಲಿ ರಿಪಲ್ ಕರೆಂಟ್ ಎಷ್ಟು ತಡೆಯುತ್ತೆ ಅಂತ ಇರುತ್ತೆ, ನೋಡಿ.

ಸೂತ್ರಧಾರ
ಸರಿ. ಆದರೆ ಕೆಪಾಸಿಟರ್ ಅರ್ಧ ಮಾಡಿದರೆ ಡಯೋಡ್ ಜಾಸ್ತಿ ಹೊತ್ತು ಹರಿಸುತ್ತೆ, ಬಿಸಿ ಕಡಿಮೆಯಾಗುತ್ತೆ. ಇದನ್ನ ಮಾತ್ರ ನಾನು ಬಿಡಲ್ಲ.

ಸುರುಳಿ ಅಕ್ಕ
ಬಿಡಬೇಡಿ, ಅಳೆದು ನೋಡಲಿ. ಹೊಸ ಡಯೋಡ್ ಹಾಕಿದ ಮೇಲೆ ಬೆಸುಗೆಗಾರರು 2200, 4700, 10000 ಮೂರನ್ನೂ ಹಾಕಿ ಹೇಳಲಿ.

ಬೆಸುಗೆಗಾರ
ಎರಡು ಸಂಜೆ ಹೋಯ್ತು. 2200ಕ್ಕೆ ರಿಪಲ್ 3.7 ವೋಲ್ಟ್, ಸೆಕೆಂಡರಿ ಆರ್‌ಎಂಎಸ್ 2.35. 4700ಕ್ಕೆ ರಿಪಲ್ 1.9, ಕರೆಂಟ್ 2.45. 10000ಕ್ಕೆ ರಿಪಲ್ 0.9, ಕರೆಂಟ್ 2.5. ರಿಪಲ್ ನಾಲ್ಕು ಪಟ್ಟು ಬದಲಾಯ್ತು, ಕರೆಂಟ್ ಹೆಚ್ಚುಕಮ್ಮಿ ಅಲ್ಲೇ ಇದೆ!

ಸೂತ್ರಧಾರ
ಹೂಂ. ಕಡಿಮೆ ಅಂತೂ ಆಯ್ತು.

ಹಳೇ ರೇಡಿಯೋ
ಅಷ್ಟು ಕಡಿಮೆಗೆ 3.7 ವೋಲ್ಟ್ ರಿಪಲ್ ಕೊಟ್ಟರೆ ಮುಂದೆ ರೆಗ್ಯುಲೇಟರ್ ಅಳುತ್ತೆ.

ಸುರುಳಿ ಅಕ್ಕ
ಇದೇ ನಾನು ಹೇಳಬೇಕು ಅಂದ್ಕೊಂಡಿದ್ದು. ಒಂದು ಮಟ್ಟ ದಾಟಿದ ಮೇಲೆ ಡಯೋಡ್ ಎಷ್ಟು ಹೊತ್ತು ತೆರೆದಿರಬೇಕು ಅಂತ ನಿರ್ಧರಿಸೋದು ಕೆಪಾಸಿಟರ್ ಅಲ್ಲ, ವೈಂಡಿಂಗ್ ರೆಸಿಸ್ಟೆನ್ಸ್. ದೊಡ್ಡ ಟೊರಾಯಿಡ್ ಟ್ರಾನ್ಸ್‌ಫಾರ್ಮರ್ ಆದರೆ ರೆಸಿಸ್ಟೆನ್ಸ್ ಬಹಳ ಕಡಿಮೆ. ಅಲ್ಲಿ ಸೂತ್ರಧಾರ ಅವರ ಮಾತು ನಿಜಕ್ಕೆ ಹತ್ತಿರ ಬರುತ್ತೆ. ಕೆಪಾಸಿಟರ್ ಹಿಗ್ಗಿದಂತೆ ಗುಬ್ಬಟೆ ಚೂಪಾಗ್ತಾ ಹೋಗುತ್ತೆ. ಸಣ್ಣ ಟ್ರಾನ್ಸ್‌ಫಾರ್ಮರ್ ತನ್ನನ್ನ ತಾನೇ ಕಾಪಾಡ್ಕೊಳ್ಳುತ್ತೆ, ಬಿಸಿಯಾಗಿ.

ಹಾಗಾದರೆ ಏನು ಮಾಡೋದು? ಬ್ರಿಡ್ಜ್ ಮುಂದೆ ನೇರ ಕೆಪಾಸಿಟರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ ಕರೆಂಟಿನ 0.62ರಷ್ಟು ಮಾತ್ರ ಡಿ.ಸಿ. ಎಳೀಬೇಕು. ನಿಮ್ಮ 2 ಆಂಪಿಯರಿಗೆ ಅದು 1.2 ಚಿಲ್ಲರೆ. ನೀವು ಎಳೆದದ್ದು 1.5. 2ರ ಜಾಗದಲ್ಲಿ ಎರಡೂವರೆ ಹರಿದರೆ ತಾಮ್ರದ ಬಿಸಿ ಒಂದೂವರೆ ಪಟ್ಟು ದಾಟುತ್ತೆ. ವಾರ್ನಿಶ್ ವಾಸನೆ ಅಲ್ಲಿಂದಲೇ.

ಅಲೆಮಾರಿ
ಸುಮ್ನೆ ಓದ್ತಿದ್ದೆ, ಒಂದು ಮಾತು. ಮೇನ್ಸ್ ಅಲೆಯನ್ನೇ ಸ್ಕೋಪಲ್ಲಿ ನೋಡಿದ್ದೀರಾ? ಎಷ್ಟೋ ಕಡೆ ತುದಿ ಚಪ್ಪಟೆಯಾಗಿರುತ್ತೆ. ಎಲ್ಲರ ಮನೆಯ ರೆಕ್ಟಿಫೈಯರುಗಳೂ ಅದೇ ತುದಿಯಲ್ಲೇ ಒಟ್ಟಿಗೆ ಕರೆಂಟ್ ಎಳೆದರೆ ಇನ್ನೇನಾಗುತ್ತೆ? ತುದಿ ಚಪ್ಪಟೆಯಾದರೆ ಪೀಕ್ ವೋಲ್ಟೇಜ್ ಲೆಕ್ಕಕ್ಕಿಂತ ಕಡಿಮೆ ಸಿಗುತ್ತೆ, ಡಯೋಡ್ ಸ್ವಲ್ಪ ಜಾಸ್ತಿ ಹೊತ್ತು ಹರಿಸುತ್ತೆ. ಹಾಗಾಗಿ 1.414 ಅನ್ನೂ ಕಣ್ಣುಮುಚ್ಚಿ ನಂಬಬೇಡಿ.

ಹಳೇ ರೇಡಿಯೋ
ಇಷ್ಟೆಲ್ಲ ಯಾಕೆ, ಸೆಕೆಂಡರಿಗೆ ಅರ್ಧ ಓಮ್ ರೆಸಿಸ್ಟರ್ ಸೇರಿಸಿ. ಗುಬ್ಬಟೆ ಅಗಲ ಆಗುತ್ತೆ, ಬಿಸಿ ಟ್ರಾನ್ಸ್‌ಫಾರ್ಮರಿಂದ ಹೊರಗೆ ಬರುತ್ತೆ. ನಾವು ಹಾಗೇ ಮಾಡ್ತಿದ್ದೆವು.

ಸುರುಳಿ ಅಕ್ಕ
ಅದೇ 1.5 ಆಂಪಿಯರ್ ಎಳೆದರೆ ಆರ್‌ಎಂಎಸ್ 2.5ರಿಂದ 2.3ಕ್ಕೆ ಇಳಿಯುತ್ತೆ. ಡಿ.ಸಿ. ಒಂದೂವರೆ ವೋಲ್ಟ್ ಬೀಳುತ್ತೆ, ರೆಸಿಸ್ಟರ್ ಎರಡೂವರೆ ವ್ಯಾಟ್ ಸುಡುತ್ತೆ. ನನಗೆ ಲಾಭ ಕಾಣ್ತಿಲ್ಲ ಸರ್.

ಹಳೇ ರೇಡಿಯೋ
ರೆಸಿಸ್ಟರ್ ಸುಟ್ಟರೆ ಬದಲಾಯಿಸಬಹುದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಿಮ್ಮಂಥವರ ಹತ್ತಿರ ಬರಬೇಕು. ನಾನು ಒಪ್ಪಲ್ಲ.

ಬೆಸುಗೆಗಾರ
ಕೊನೇ ವರದಿ. ಲೋಡ್ 1.2 ಆಂಪಿಯರಿಗೆ ಇಳಿಸಿದೆ. ಸೆಕೆಂಡರಿ 2.05 ತೋರಿಸ್ತಿದೆ. ಬಿಸಿ ಎಷ್ಟು ಅಂತ ಕೈಯಿಂದ ಹೇಳೋಕಾಗಲ್ಲ. ಅಳೆಯೋದು ಹೇಗೆ?

ಸುರುಳಿ ಅಕ್ಕ
ತಾಮ್ರವೇ ಥರ್ಮಾಮೀಟರ್. ಎರಡು ಗಂಟೆ ಓಡಿಸಿ, ಪ್ಲಗ್ ಕಿತ್ತ ತಕ್ಷಣ ಪ್ರೈಮರಿ ಓಮ್ ಅಳೆಯಿರಿ. ತಣ್ಣಗಿದ್ದಾಗ 140. ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತೆ. ಮೀಟರಿನ ತುದಿ ಹಿಡಿಯುವಾಗ ಬೆರಳು ತಾಗಿಸಬೇಡಿ, ಬಿಡಿಸುವಾಗ ಸುರುಳಿ ಸಣ್ಣಗೆ ಒದೆಯುತ್ತೆ.

ಬೆಸುಗೆಗಾರ
1.2 ಆಂಪಿಯರಿಗೆ 161 ಓಮ್. ಮತ್ತೆ ಹಠಕ್ಕೆ 1.5 ಎಳೆದು ನೋಡಿದೆ, 168. ಕೋಣೆ 28 ಡಿಗ್ರಿ ಇತ್ತು. ಅಂದರೆ ಮೊದಲನೇದು 67 ಡಿಗ್ರಿ ಹತ್ತಿರ, ಎರಡನೇದು 80. ಹೊರಗೆ ಮುಟ್ಟಿದಾಗ ಇಷ್ಟು ವ್ಯತ್ಯಾಸ ಗೊತ್ತಾಗಿರಲಿಲ್ಲ. ಒದೆಯೋದೂ ನಿಜ ಅಕ್ಕ, ನೀವು ಹೇಳಿದ್ದನ್ನ ತಡವಾಗಿ ಓದಿದೆ.

ಗುಂಯ್ ಗುಂಯ್
ಕೆಪಾಸಿಟರ್ ಮೇಲೆ 100 ಹರ್ಟ್ಸ್ ಇದೆ, ಸ್ವಲ್ಪವೇ. ಸ್ಪೀಕರಲ್ಲಿ 50. ಹಾಗಾದರೆ ಅರ್ತ್ ತಂತಿನೇ ಅಲ್ವಾ? ಬೇರೆ ಚರ್ಚೆ ಶುರು ಮಾಡ್ತೀನಿ, ಎಲ್ಲರೂ ಬನ್ನಿ.